ಎಎ ಸೆಲ್ ಚಾರ್ಜ್ ಮಾಡುವುದು ಹೇಗೆ, ಬಿಸಾಡುವ ಸೆಲ್ ಯಾಕೆ ಚಾರ್ಜ್ ಮಾಡಬಾರದು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಸ್ಮಾರ್ಟ್ ಚಾರ್ಜರ್ ಇದೆ, ಅದಕ್ಕೆ ಮಾಮೂಲಿ ಸೆಲ್ ಹಾಕಿದರೂ ಚಾರ್ಜ್ ಆಗುತ್ತಿರುವ ಹಾಗೆ ತೋರಿಸುತ್ತದೆ. ಹಾಕಿದರೆ ಏನಾಗುತ್ತದೆ?" ಇದರ ಜೊತೆಗೇ ಇನ್ನೊಂದು ಬರುತ್ತದೆ: "ರೀಚಾರ್ಜೆಬಲ್ ಸೆಲ್ಲನ್ನೇ ಹಾಕಿದ್ದೇನೆ, ಆದರೆ ಅರ್ಧ ಗಂಟೆಗೇ ಫುಲ್ ಅಂತ ತೋರಿಸುತ್ತದೆ. ಯಾಕೆ?"

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಸೆಲ್ ತುಂಬುತ್ತಾ ಬಂದಾಗ, ಕೊನೆಯ ಕೆಲವು ನಿಮಿಷಗಳಲ್ಲಿ ಅದರ ಒಳಗೆ ಏನು ನಡೆಯುತ್ತದೆ ಅನ್ನುವುದರಲ್ಲಿ. ಅದನ್ನು ಮೊದಲು ನೋಡೋಣ, ಆಮೇಲೆ ಹಂತಗಳಿಗೆ ಹೋಗೋಣ.

ಕೊನೆಯ ನಿಮಿಷಗಳಲ್ಲಿ ನಡೆಯುವುದು

ನಾವು ಚಾರ್ಜ್ ಮಾಡುವ ಎಎ ಸೆಲ್‌ಗಳಲ್ಲಿ ಹೆಚ್ಚಿನವು ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು. ಮೇಲೆ NiMH ಅಂತ ಅಚ್ಚಾಗಿರುತ್ತದೆ. ಒಳಗೆ ಎರಡು ಉದ್ದನೆಯ ಪಟ್ಟಿಗಳನ್ನು, ನಡುವೆ ತೆಳುವಾದ ಬಟ್ಟೆಯಂಥ ಪದರ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿರುತ್ತಾರೆ. ಚಾರ್ಜ್ ಮಾಡುವಾಗ ಪಾಸಿಟಿವ್ ಪಟ್ಟಿ ಮೊದಲು ತುಂಬಿಬಿಡುತ್ತದೆ. ತುಂಬಿದ ಮೇಲೂ ಕರೆಂಟ್ ಬರುತ್ತಲೇ ಇದ್ದರೆ, ಆ ಕರೆಂಟ್ ಒಳಗಿನ ದ್ರವದಲ್ಲಿರುವ ನೀರನ್ನು ಒಡೆದು ಆಮ್ಲಜನಕ ಹುಟ್ಟಿಸುತ್ತದೆ.

ಇಲ್ಲೇ ಈ ಸೆಲ್ ಮಾಡಿದವರ ಜಾಣತನ ಇರುವುದು. ನೆಗೆಟಿವ್ ಪಟ್ಟಿಯನ್ನು ಬೇಕೆಂದೇ ದೊಡ್ಡದಾಗಿ ಇಟ್ಟಿರುತ್ತಾರೆ. ಹುಟ್ಟಿದ ಆಮ್ಲಜನಕ ಪದರ ದಾಟಿ ಅಲ್ಲಿಗೆ ಹೋಗಿ, ಅಲ್ಲಿರುವ ಹೈಡ್ರೋಜನ್ ಜೊತೆ ಸೇರಿ ಮತ್ತೆ ನೀರಾಗುತ್ತದೆ. ಗ್ಯಾಸ್ ಒಳಗೇ ಕರಗಿಹೋಯಿತು, ಒತ್ತಡ ಏರಲಿಲ್ಲ. ಆದರೆ ಹೀಗೆ ಸೇರುವಾಗ ಬಿಸಿ ಹುಟ್ಟುತ್ತದೆ. ಬಿಸಿ ಏರಿದ ಕೂಡಲೇ ಸೆಲ್‌ನ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಎಷ್ಟು ಅಂದರೆ ಬರೀ 5ರಿಂದ 10 ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ನೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ.

ಸ್ಮಾರ್ಟ್ ಚಾರ್ಜರ್ ಕಾಯುವುದು ಈ ಪುಟ್ಟ ಇಳಿತಕ್ಕೆ. ವೋಲ್ಟೇಜ್ ಏರುತ್ತಾ ಏರುತ್ತಾ ಬಂದು, ಒಂದು ಕ್ಷಣ ನಿಂತು, ಕೆಳಗೆ ಬಾಗಿದರೆ "ತುಂಬಿತು" ಅಂತ ಕರೆಂಟ್ ನಿಲ್ಲಿಸುತ್ತದೆ. ಇದಕ್ಕೆ ಮೈನಸ್ ಡೆಲ್ಟಾ ವಿ ಅಂತ ಹೆಸರು. ಡೆಲ್ಟಾ ಅಂದರೆ ವ್ಯತ್ಯಾಸ, ಮೈನಸ್ ಅಂದರೆ ಇಳಿತ. ಜೊತೆಗೆ ಬಿಸಿ ನೋಡುವ ಸೆನ್ಸರ್ ಮತ್ತು ಗರಿಷ್ಠ ಸಮಯದ ಗಡಿಯಾರವೂ ಇರಬಹುದು. ಆದರೆ ಮುಖ್ಯ ಕೆಲಸ ಈ ಇಳಿತದ್ದೇ.

ಬಿಸಾಡುವ ಸೆಲ್‌ನಲ್ಲಿ ಇದೇ ಕರೆಂಟ್ ಏನು ಮಾಡುತ್ತದೆ

ಒಂದೇ ಸಲ ಬಳಸುವ ಆಲ್ಕಲೈನ್ ಸೆಲ್‌ನ ಒಳಗೆ ಸುತ್ತಿದ ಪಟ್ಟಿಗಳು ಇರುವುದಿಲ್ಲ. ನಡುವೆ ಸತುವಿನ ಪುಡಿ ಸೇರಿಸಿದ ಅಂಟಿನಂಥ ಮುದ್ದೆ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್. ಒದ್ದೆ ಮಾಡುವ ದ್ರವ ಎರಡೂ ಜಾತಿಯಲ್ಲಿ ಒಂದೇ: ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಚರ್ಮವನ್ನು ಸುಡುವಷ್ಟು ಗಡಸು ಕ್ಷಾರ ಅದು.

ಈ ಸೆಲ್‌ಗೆ ಹಿಂದುಮುಂದಾಗಿ ಕರೆಂಟ್ ತಳ್ಳಿದರೆ ಇಲ್ಲೂ ಗ್ಯಾಸ್ ಹುಟ್ಟುತ್ತದೆ. ಸತುವಿನ ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ. ಆದರೆ ಅವನ್ನು ಮತ್ತೆ ನೀರಾಗಿಸುವ ದೊಡ್ಡ ಪಟ್ಟಿ ಇಲ್ಲಿಲ್ಲ. ಸೆಲ್ ಗಟ್ಟಿಯಾಗಿ ಮುಚ್ಚಿದೆ. ಗ್ಯಾಸ್ ಎಲ್ಲಿಗೆ ಹೋಗಬೇಕು? ಒತ್ತಡ ಏರುತ್ತಾ ಹೋಗುತ್ತದೆ. ನೆಗೆಟಿವ್ ತುದಿಯ ಒಳಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇದೆ, ಅದರಲ್ಲಿ ಒಂದು ಕಡೆ ತೆಳುವಾಗಿ ಬಿಟ್ಟಿರುತ್ತಾರೆ. ಸೆಲ್ ಸಿಡಿಯುವ ಬದಲು ಅಲ್ಲಿ ಹರಿಯಲಿ ಅಂತ. ಅದು ಹರಿದಾಗ "ಟಿಸ್" ಅಂತ ಸಣ್ಣ ಶಬ್ದ ಬರುತ್ತದೆ, ನೆಗೆಟಿವ್ ತುದಿಯ ಸುತ್ತ ಒದ್ದೆ ಉಂಗುರ ಕಾಣುತ್ತದೆ. ಆ ಒದ್ದೆ ನೀರಲ್ಲ, ಕ್ಷಾರ. ಮುಚ್ಚಳ ಹೊತ್ತಿಗೆ ಸರಿಯಾಗಿ ಹರಿಯದಿದ್ದರೆ ಸೆಲ್ ಒಡೆದು ಅದೇ ದ್ರವ ಮುಖಕ್ಕೆ ಚಿಮ್ಮಬಹುದು.

ಇನ್ನೊಂದು ಕೆಡುಕೂ ಇದೆ. ಕರಗಿದ ಸತು ಮೊದಲಿದ್ದ ಜಾಗಕ್ಕೆ ವಾಪಸ್ ಹೋಗಿ ಕೂರುವುದಿಲ್ಲ, ಸೂಜಿಗಳ ಹಾಗೆ ಬೆಳೆಯುತ್ತದೆ. ಆ ಸೂಜಿ ನಡುವಿನ ಪದರವನ್ನು ಚುಚ್ಚಿದರೆ ಸೆಲ್ ಒಳಗೇ ಶಾರ್ಟ್ ಆಗಿ ಕಾಯುತ್ತದೆ.

ಈಗ ಚಾರ್ಜರ್ ಕಡೆಯಿಂದ ನೋಡಿ. ಅದು ವೋಲ್ಟೇಜ್ ಇಳಿಯಲಿ ಅಂತ ಕಾಯುತ್ತಾ ಕೂತಿದೆ. ಗ್ಯಾಸ್ ನೀರಾಗುವುದಿಲ್ಲವಾದ್ದರಿಂದ ಆ ಬಿಸಿ, ಆ ಇಳಿತ ಬರುವುದೇ ಇಲ್ಲ. ಹಾಗಾಗಿ ಚಾರ್ಜರ್ ಸುಮ್ನೆ ಕರೆಂಟ್ ತಳ್ಳುತ್ತಲೇ ಇರುತ್ತದೆ.

"ಆದರೆ ಚಾರ್ಜರ್ ಸ್ಮಾರ್ಟ್ ಅಲ್ವಾ, ಅದಕ್ಕೆ ಗೊತ್ತಾಗುವುದಿಲ್ಲವಾ?" ಕೆಲವು ಚಾರ್ಜರ್‌ಗಳು ಹೊಸ ಆಲ್ಕಲೈನ್ ಸೆಲ್ಲನ್ನು ಹಿಡಿಯುತ್ತವೆ, ಯಾಕೆಂದರೆ ಅದರ ವೋಲ್ಟೇಜ್ 1.5ಕ್ಕಿಂತ ಮೇಲಿರುತ್ತದೆ. ನೀವು ಚಾರ್ಜ್ ಮಾಡಲು ಹೊರಡುವುದು ಹೊಸ ಸೆಲ್ಲನ್ನಲ್ಲ, ಬಳಸಿದ್ದನ್ನು. ಅರ್ಧ ಬಳಸಿದ ಆಲ್ಕಲೈನ್ ಸೆಲ್ 1.2, 1.3 ವೋಲ್ಟ್ ತೋರಿಸುತ್ತದೆ. ರೀಚಾರ್ಜೆಬಲ್ ಸೆಲ್ ತೋರಿಸುವುದೂ ಅಷ್ಟೇ. ಚಾರ್ಜರ್ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಹತ್ತು ನಿಮಿಷ ಚಾರ್ಜ್ ಮಾಡಿದೆ, ಏನೂ ಆಗಲಿಲ್ಲ, ಗಡಿಯಾರವೂ ಓಡಿತು ಅನ್ನುವವರು ಇದ್ದಾರೆ. ಓಡಬಹುದು, ಅದು ಸುಳ್ಳಲ್ಲ. ಸ್ವಲ್ಪ ಚಾರ್ಜ್ ನಿಜಕ್ಕೂ ಹಿಡಿಯುತ್ತದೆ, ವೋಲ್ಟೇಜ್ ಮತ್ತೆ 1.5 ತೋರಿಸುತ್ತದೆ. ಆದರೆ ಒಳಗೆ ಕೂಡಿಕೊಂಡ ಗ್ಯಾಸ್ ಹಾಗೇ ಇದೆ. ಚಾರ್ಜರ್‌ನಲ್ಲಿ ಸೋರದ ಸೆಲ್ ಮುಂದೊಂದು ದಿನ ಆ ಗಡಿಯಾರದ ಒಳಗೆ, ರಿಮೋಟ್ ಒಳಗೆ ಸೋರುತ್ತದೆ. ಆಗ ಹಾಳಾಗುವುದು ಸೆಲ್ ಮಾತ್ರ ಅಲ್ಲ.

ಅಗ್ಗದ ಜಿಂಕ್ ಕಾರ್ಬನ್ ಸೆಲ್‌ನಲ್ಲಿ ಹೊರಗಿನ ಡಬ್ಬಿಯೇ ಸತು. ಬಳಸಿದಷ್ಟೂ ಡಬ್ಬಿ ಸವೆದು ತೆಳುವಾಗುತ್ತದೆ, ಅದಕ್ಕೆ ಒತ್ತಡ ತಡೆಯುವ ಶಕ್ತಿಯೇ ಇರುವುದಿಲ್ಲ. ಬಿಸಾಡುವ ಲಿಥಿಯಂ ಸೆಲ್ ಎಲ್ಲಕ್ಕಿಂತ ಅಪಾಯ. ಒಳಗೆ ಲಿಥಿಯಂ ಲೋಹ ಮತ್ತು ಹೊತ್ತಿಕೊಳ್ಳುವ ದ್ರವ ಇದೆ, ಚಾರ್ಜ್ ಮಾಡಿದರೆ ಬೆಂಕಿಯೇ ಬೀಳಬಹುದು.

ಏನೇನು ಬೇಕು

ಪ್ರತಿ ಸ್ಲಾಟನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳುವ ಸ್ಮಾರ್ಟ್ ಚಾರ್ಜರ್ ಬೇಕು. ಒಂದು ಸೆಲ್ ಮಾತ್ರ ಹಾಕಿದರೂ ಚಾರ್ಜ್ ಆಗುತ್ತದೆಯೇ ನೋಡಿ. ಎರಡೆರಡು ಹಾಕಲೇಬೇಕು ಅನ್ನುವ ಚಾರ್ಜರ್ ಜೋಡಿಯನ್ನು ಒಂದೇ ಸೆಲ್ ಅಂತ ಎಣಿಸುತ್ತದೆ, ಒಂದು ತುಂಬಿ ಇನ್ನೊಂದು ತುಂಬದಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಪರದೆ ಇದ್ದು ವೋಲ್ಟೇಜ್, ಕರೆಂಟ್, ಮಿಲಿಆಂಪ್-ಅವರ್ ತೋರಿಸಿದರೆ ಇನ್ನೂ ಒಳ್ಳೆಯದು. ಇದರ ಜೊತೆಗೆ ಒಂದು ಒಣ ಬಟ್ಟೆ, ಒಂದು ಮಾರ್ಕರ್ ಪೆನ್ನು. ಅಷ್ಟೇ.

ಮಿಲಿಆಂಪ್-ಅವರ್ ಅಂದರೆ ಸೆಲ್ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ, ಪಾತ್ರೆಗೆ ಲೀಟರ್ ಇದ್ದ ಹಾಗೆ. ಸೆಲ್ ಮೇಲೆ mAh ಅಂತ ಇರುತ್ತದೆ. ಎಎ ಸೆಲ್‌ಗಳಲ್ಲಿ ಸಾಮಾನ್ಯವಾಗಿ 1900ರಿಂದ 2500ರ ಒಳಗೆ.

ಹಂತ 1: ಸೆಲ್ ಮೇಲೆ ಏನು ಬರೆದಿದೆ, ಓದಿ

ಇದನ್ನು ಪ್ರತಿ ಸಲ, ಪ್ರತಿ ಸೆಲ್‌ಗೂ ಮಾಡಿ. ಬಣ್ಣ ನೋಡಿ ಊಹಿಸಬೇಡಿ, ಒಂದೇ ಕಂಪನಿಯ ಎರಡು ಜಾತಿಯ ಸೆಲ್‌ಗಳು ಒಂದೇ ಬಣ್ಣದಲ್ಲಿ ಬರುತ್ತವೆ.

NiMH, HR6, 1.2V, Rechargeable, ಜೊತೆಗೆ mAh ಸಂಖ್ಯೆ ಇದ್ದರೆ ಸರಿ, ಚಾರ್ಜ್ ಮಾಡಬಹುದು. LR6 ಅಂದರೆ ಆಲ್ಕಲೈನ್. R6 ಅಂತಷ್ಟೇ ಇದ್ದರೆ ಜಿಂಕ್ ಕಾರ್ಬನ್. FR6 ಅಂದರೆ ಬಿಸಾಡುವ ಲಿಥಿಯಂ. ಈ ಮೂರೂ ಚಾರ್ಜರ್ ಹತ್ತಿರವೂ ಸುಳಿಯಬಾರದು. ಬರಹ ಅಳಿಸಿಹೋಗಿದೆ, ಯಾವುದು ಅಂತ ಗೊತ್ತಾಗುತ್ತಿಲ್ಲ ಅಂದರೆ ಅದನ್ನೂ ಚಾರ್ಜ್ ಮಾಡಬೇಡಿ.

ಎಡವುವ ಜಾಗ ಇನ್ನೊಂದಿದೆ. ಅದೇ ಗಾತ್ರದಲ್ಲಿ 3.7 ವೋಲ್ಟಿನ ಲಿಥಿಯಂ-ಅಯಾನ್ ಸೆಲ್ ಬರುತ್ತದೆ, ಮೇಲೆ 14500 ಅಂತ ಇರುತ್ತದೆ. ಮೈಮೇಲೇ ಯುಎಸ್‌ಬಿ ತೂತು ಇರುವ 1.5 ವೋಲ್ಟಿನ ರೀಚಾರ್ಜೆಬಲ್ ಸೆಲ್‌ಗಳೂ ಬಂದಿವೆ. ಇವು ರೀಚಾರ್ಜೆಬಲ್ ಹೌದು, ಆದರೆ ನಿಕಲ್ ಸೆಲ್‌ಗೆ ಮಾಡಿದ ಚಾರ್ಜರ್ ಇವಕ್ಕಲ್ಲ. ಅವುಗಳ ಚಾರ್ಜರ್‌ನಲ್ಲೇ, ಅವುಗಳ ತಂತಿಯಲ್ಲೇ ಚಾರ್ಜ್ ಮಾಡಿ.

ಹಂತ 2: ಮೈ ನೋಡಿ, ತುದಿ ಒರೆಸಿ

ರೀಚಾರ್ಜೆಬಲ್ ಸೆಲ್‌ನ ಇಡೀ ಲೋಹದ ಡಬ್ಬಿ ನೆಗೆಟಿವ್. ಮೇಲಿನ ಪ್ಲಾಸ್ಟಿಕ್ ಹೊದಿಕೆ ಬರೀ ಅಂದಕ್ಕಲ್ಲ. ಪಾಸಿಟಿವ್ ಗುಂಡಿಯ ಪಕ್ಕದಲ್ಲಿ ಹೊದಿಕೆ ಹರಿದಿದ್ದರೆ ಪಾಸಿಟಿವ್‌ಗೂ ನೆಗೆಟಿವ್‌ಗೂ ಬೆರಳುಗುರಿನಷ್ಟೂ ಅಂತರ ಇರುವುದಿಲ್ಲ, ಚಾರ್ಜರ್‌ನ ತಗಡು ಎರಡಕ್ಕೂ ತಾಗಿ ಶಾರ್ಟ್ ಆಗಬಹುದು. ಹರಿದ ಸೆಲ್, ಉಬ್ಬಿದ ಸೆಲ್, ತುದಿಯಲ್ಲಿ ಬಿಳಿ ಪುಡಿ ಕಟ್ಟಿದ ಸೆಲ್ ಬದಿಗಿಡಿ. ಉಳಿದವುಗಳ ಎರಡೂ ತುದಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಕೊಳೆ ಇದ್ದರೆ ಚಾರ್ಜರ್ ವೋಲ್ಟೇಜನ್ನು ತಪ್ಪಾಗಿ ಓದುತ್ತದೆ, ಅದು ಕಾಯುತ್ತಿರುವುದು ಕೆಲವೇ ಮಿಲಿವೋಲ್ಟ್‌ಗೆ ಅನ್ನುವುದು ನೆನಪಿರಲಿ.

ಹಂತ 3: ಚಾರ್ಜರ್ ಇಡುವ ಜಾಗ

ಗಟ್ಟಿ, ಸಮತಟ್ಟು, ಬೆಂಕಿ ಹಿಡಿಯದ ಜಾಗ. ಹಾಸಿಗೆ, ಸೋಫಾ, ಬಟ್ಟೆ ಬೇಡ. ಬಿಸಿಲೂ ಬೇಡ. ಕೆಳಗಿನ ಗಾಳಿ ತೂತುಗಳು ಮುಚ್ಚಬಾರದು.

ಹಂತ 4: ಕರೆಂಟ್ ಆರಿಸಿ

ಕರೆಂಟ್ ಕಮ್ಮಿ ಇಟ್ಟಷ್ಟೂ ಸೆಲ್‌ಗೆ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಕೇಳಲು ಸರಿ ಅನ್ನಿಸುತ್ತದೆ. ಸ್ಮಾರ್ಟ್ ಚಾರ್ಜರ್ ಮಟ್ಟಿಗೆ ಇದು ತಪ್ಪು. ಕರೆಂಟ್ ತೀರಾ ಕಮ್ಮಿ ಇದ್ದರೆ ಕೊನೆಯಲ್ಲಿ ಹುಟ್ಟುವ ಬಿಸಿಯೂ ಕಮ್ಮಿ, ಬಂದ ಹಾಗೇ ಗಾಳಿಗೆ ಹೋಗುತ್ತದೆ. ಬಿಸಿ ಏರದಿದ್ದರೆ ವೋಲ್ಟೇಜ್ ಬಾಗುವುದಿಲ್ಲ. ಚಾರ್ಜರ್‌ಗೆ "ತುಂಬಿತು" ಅನ್ನುವ ಸುದ್ದಿ ಮುಟ್ಟುವುದಿಲ್ಲ, ಗಂಟೆಗಟ್ಟಲೆ ತುಂಬಿದ ಸೆಲ್‌ಗೆ ತುಂಬುತ್ತಲೇ ಇರುತ್ತದೆ.

ನಾನು ಹೇಳುವ ಲೆಕ್ಕ ಇಷ್ಟು: ಸೆಲ್ ಮೇಲಿನ ಸಂಖ್ಯೆಯ ಮೂರನೇ ಒಂದರಿಂದ ಅರ್ಧದವರೆಗೆ. 2000 ಸೆಲ್‌ಗೆ ಸುಮಾರು 700ರಿಂದ 1000 ಮಿಲಿಆಂಪ್. ಹಲವು ಚಾರ್ಜರ್‌ಗಳು ಗುಂಡಿ ಒತ್ತದಿದ್ದರೆ ತಾವಾಗಿಯೇ 200 ಮಿಲಿಆಂಪ್ ಹಿಡಿಯುತ್ತವೆ. ಸೆಲ್ ಹಾಕಿದ ಕೆಲವು ಸೆಕೆಂಡ್ ಒಳಗೇ ಕರೆಂಟ್ ಬದಲಿಸಬೇಕು, ಇಲ್ಲದಿದ್ದರೆ ಅದೇ ಗಟ್ಟಿಯಾಗುತ್ತದೆ. ಹಾಗಾದರೆ ಸೆಲ್ ತೆಗೆದು ಮತ್ತೆ ಹಾಕಿ.

ಎಷ್ಟು ಹೊತ್ತು? ಸಂಖ್ಯೆಯನ್ನು ಕರೆಂಟ್‌ನಿಂದ ಭಾಗಿಸಿ, ಬಿಸಿಯಲ್ಲಿ ಹೋಗುವ ಪಾಲಿಗೆ ಹತ್ತರಿಂದ ಹದಿನೈದು ಪರ್ಸೆಂಟ್ ಸೇರಿಸಿ. 2000ವನ್ನು 700ರಿಂದ ಭಾಗಿಸಿದರೆ ಮೂರು ಗಂಟೆಗೆ ಸ್ವಲ್ಪ ಕಮ್ಮಿ, ಸೇರಿಸಿದರೆ ಮೂರೂಕಾಲು ಗಂಟೆ. ಇದು ಪೂರ್ತಿ ಖಾಲಿಯಾದ ಸೆಲ್‌ನ ಲೆಕ್ಕ.

ಹಂತ 5: ಸೆಲ್ ಹಾಕಿ, ಮೊದಲ ನಿಮಿಷ ನೋಡಿ

ನೆಗೆಟಿವ್ ತುದಿಯನ್ನು ಸ್ಪ್ರಿಂಗ್ ಇರುವ ಜಾರುವ ತಗಡಿಗೆ ಒತ್ತಿ, ಪಾಸಿಟಿವ್ ಗುಂಡಿಯನ್ನು ಎದುರು ತುದಿಗೆ ಇಳಿಸಿ. ಪರದೆಯಲ್ಲಿ ವೋಲ್ಟೇಜ್ ಬರುತ್ತದೆ. ಚಾರ್ಜ್ ಆಗುವಾಗ ಅದು 1.4ರ ಆಸುಪಾಸಿಗೆ ಏರಿ, ಕೊನೆಯಲ್ಲಿ 1.5 ಹತ್ತಿರ ಹೋಗುವುದು ಸಹಜ.

ಕೆಲವೊಮ್ಮೆ ಸೆಲ್ ಹಾಕಿದರೂ null ಅಂತ ತೋರಿಸುತ್ತದೆ, ಸ್ಲಾಟ್ ಖಾಲಿ ಇದ್ದ ಹಾಗೆ. ಸೆಲ್ ಒಂದು ವೋಲ್ಟ್‌ಗಿಂತ ತುಂಬಾ ಕೆಳಗೆ ಇಳಿದಿದೆ ಅಂತ ಅರ್ಥ. ಎರಡು ಮೂರು ಸಲ ತೆಗೆದು ಹಾಕಿ ನೋಡಿ, ಎಚ್ಚರವಾದರೂ ಆಗಬಹುದು. ಆಗದಿದ್ದರೆ ಬಿಟ್ಟುಬಿಡಿ. ತಂತಿ ಹಿಡಿದು ತುಂಬಿದ ಸೆಲ್‌ಗೆ ಜೋಡಿಸಿ ಎಬ್ಬಿಸುವ ಉಪಾಯ ಕೆಲವರು ಹೇಳುತ್ತಾರೆ, ದಯವಿಟ್ಟು ಬೇಡ. ತುಂಬಿದ ಸೆಲ್ ಒಂದೇ ಏಟಿಗೆ ಕೆಲವು ಆಂಪಿಯರ್ ಸುರಿಯಬಲ್ಲದು, ಕೈಯಲ್ಲಿರುವ ತಂತಿ ಸುಡುತ್ತದೆ.

ಹಂತ 6: ಕೊನೆಯಲ್ಲಿ ಮುಟ್ಟಿ ನೋಡಿ, ಸಂಖ್ಯೆ ಓದಿ

ಮುಗಿಯುವ ಹೊತ್ತಿಗೆ ಸೆಲ್ ಬೆಚ್ಚಗಾಗುತ್ತದೆ. ಒಳಗೆ ಆಮ್ಲಜನಕ ನೀರಾಗುತ್ತಿರುವ ಬಿಸಿ ಅದು, ಗಾಬರಿ ಬೇಡ. ಬೆರಳು ಇಟ್ಟು ಹಿಡಿಯಲು ಆಗದಷ್ಟು ಸುಡುತ್ತಿದ್ದರೆ ಮಾತ್ರ ಚಾರ್ಜರ್ ಇಳಿತವನ್ನು ತಪ್ಪಿಸಿಕೊಂಡಿದೆ ಅಂತ ತಿಳಿದು, ತಕ್ಷಣ ಸ್ವಿಚ್ ಆಫ್ ಮಾಡಿ.

ಇಲ್ಲಿ ಒಂದು ಉದಾಹರಣೆ ಪೂರ್ತಿ ನೋಡೋಣ. ನಾಲ್ಕು ಸೆಲ್ ಹಾಕುವ ಟಾರ್ಚ್ ಮಂಕಾಗಿದೆ. 2000 ಸಂಖ್ಯೆಯ ಸೆಲ್‌ಗಳನ್ನು ತೆಗೆದು, ಮಾರ್ಕರ್‌ನಿಂದ 1, 2, 3, 4 ಅಂತ ಬರೆದು, 700 ಮಿಲಿಆಂಪ್‌ನಲ್ಲಿ ಚಾರ್ಜ್‌ಗೆ ಹಾಕಿದೆ. ಇಪ್ಪತ್ತೈದು ನಿಮಿಷಕ್ಕೆ ನಾಲ್ಕನೆಯದು "ಫುಲ್" ಅಂತ ನಿಂತಿತು. ಪರದೆ ತೋರಿಸಿದ್ದು 290 ಮಿಲಿಆಂಪ್-ಅವರ್. ಉಳಿದ ಮೂರು ಸೆಲ್‌ಗಳು ಮೂರು ಗಂಟೆ ಆಸುಪಾಸಿನಲ್ಲಿ 2110, 2085, 2140 ತೋರಿಸಿ ಮುಗಿದವು.

ನಾಲ್ಕನೆಯದು ನಿಜಕ್ಕೂ ತುಂಬಿದೆಯೇ? ನಾಲ್ಕೂ ಒಟ್ಟಿಗೆ ಟಾರ್ಚ್‌ನಲ್ಲಿದ್ದವು, ಒಂದೇ ಕರೆಂಟ್ ಎಲ್ಲದರಲ್ಲೂ ಹರಿದಿದೆ. ಹಾಗಾಗಿ 290ಕ್ಕೆ ತುಂಬಿತು ಅನ್ನುವುದು ನಂಬುವ ಮಾತಲ್ಲ. ಹಳೆಯ ಸೆಲ್, ತುಂಬಾ ದಿನ ಸುಮ್ನೆ ಇಟ್ಟ ಸೆಲ್ ಚಾರ್ಜ್‌ನ ಶುರುವಿನಲ್ಲೇ ವೋಲ್ಟೇಜ್ ಮೇಲೆ ಕೆಳಗೆ ಆಡಿಸುತ್ತದೆ. ಚಾರ್ಜರ್ ಅದನ್ನೇ ಕೊನೆಯ ಇಳಿತ ಅಂದುಕೊಂಡು ನಿಲ್ಲಿಸುತ್ತದೆ. ಅರ್ಧ ಗಂಟೆಗೇ ಫುಲ್ ಆಗುವ ಸೆಲ್‌ನ ಕಥೆ ಇದೇ.

ಆ ಸೆಲ್ ತೆಗೆದು, ತಣ್ಣಗಾಗಲು ಬಿಟ್ಟು, ಮತ್ತೆ ಹಾಕಿದೆ. ಈ ಸಲ ಇನ್ನೂ 980 ಹಿಡಿದು ನಿಂತಿತು. ಆದರೆ ಚಾರ್ಜ್ ಮಾಡುವಾಗ ಕಾಣುವ ಸಂಖ್ಯೆ ಒಳಗೆ ಸುರಿದದ್ದು ಮಾತ್ರ, ಬಿಸಿಯಾಗಿ ಹೋದದ್ದೂ ಅದರಲ್ಲಿ ಸೇರಿದೆ. ನಿಜವಾಗಿ ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ಸೆಲ್ಲನ್ನು ಖಾಲಿ ಮಾಡುತ್ತಾ ಅಳೆಯಬೇಕು. ಅದಕ್ಕೆ ಚಾರ್ಜರ್‌ನಲ್ಲಿ TEST ಅಥವಾ REFRESH ಅಂತ ಒಂದು ಆಯ್ಕೆ ಇರುತ್ತದೆ. ಅದು ಸೆಲ್ಲನ್ನು ಖಾಲಿ ಮಾಡಿ, ಎಣಿಸಿ, ಮತ್ತೆ ತುಂಬುತ್ತದೆ. ಅರ್ಧ ದಿನ ಹಿಡಿಯುವ ಕೆಲಸ. ಮಾಡಿದಾಗ ಮೊದಲ ಮೂರು 1900 ಆಸುಪಾಸು ಬಂದವು, ನಾಲ್ಕನೆಯದು 1180.

1180ರ ಸೆಲ್ಲನ್ನು ಮತ್ತೆ ಆ ಟಾರ್ಚ್‌ಗೆ ಹಾಕಬಾರದು. ನಾಲ್ಕೂ ಸಾಲಾಗಿ ಜೋಡಿಸಿರುವುದರಿಂದ ಅದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಇನ್ನೂ ಕರೆಂಟ್ ತಳ್ಳುತ್ತಿರುತ್ತವೆ. ಖಾಲಿ ಸೆಲ್ ಮೂಲಕ ಬಲವಂತವಾಗಿ ಕರೆಂಟ್ ಹರಿದು ಅದರ ಪಾಸಿಟಿವ್ ನೆಗೆಟಿವ್ ತಿರುಗುಮುರುಗಾಗುತ್ತದೆ. ಗ್ಯಾಸ್ ಹುಟ್ಟುತ್ತದೆ, ಸೋರುತ್ತದೆ. ಅಂಥ ಸೆಲ್ ಒಂದೇ ಸೆಲ್‌ನ ಗೋಡೆ ಗಡಿಯಾರಕ್ಕೆ ಸಾಕು. ಸಂಖ್ಯೆ ಬರೆದುಕೊಂಡದ್ದು ಇದಕ್ಕೇ: ಒಟ್ಟಿಗೆ ಕೊಂಡ ಸೆಲ್‌ಗಳು ಒಟ್ಟಿಗೇ ಇರಲಿ, ಒಟ್ಟಿಗೇ ಚಾರ್ಜ್ ಆಗಲಿ.

ಮುಗಿದ ಮೇಲೆ ಸೆಲ್‌ಗಳನ್ನು ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಬೀಗದ ಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬೇಡ.

ತಪ್ಪಿ ಬಿಸಾಡುವ ಸೆಲ್ ಹಾಕಿಬಿಟ್ಟರೆ

ನೋಡಿದ ಕೂಡಲೇ ಸೆಲ್‌ಗೆ ಕೈ ಹಾಕಬೇಡಿ. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ. ಚಾರ್ಜರ್ ಮೇಲೆ ಮುಖ ಬಗ್ಗಿಸಬೇಡಿ, ಮಕ್ಕಳನ್ನು ದೂರ ಕಳಿಸಿ, ಕಿಟಕಿ ತೆಗೆಯಿರಿ. ಪೂರ್ತಿ ತಣ್ಣಗಾಗಲು ಒಂದೆರಡು ಗಂಟೆ ಹಾಗೇ ಬಿಡಿ. ಆಮೇಲೆ ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ತೆಗೆಯಿರಿ. ಹೊರಗೆ ಸರಿ ಇದ್ದ ಹಾಗೆ ಕಂಡರೂ ಅದನ್ನು ಮತ್ತೆ ಯಾವುದಕ್ಕೂ ಬಳಸಬೇಡಿ. ಲೋಹವಲ್ಲದ ಡಬ್ಬಿಯಲ್ಲಿ ಹಾಕಿ, ಹಳೆ ಸೆಲ್ ತೆಗೆದುಕೊಳ್ಳುವ ಕಡೆ ಕೊಡಿ.

ಸೋರಿದ್ದು ಕೈಗೆ ತಾಗಿದರೆ ಜಾರುಜಾರಾಗಿ, ಸೋಪಿನ ಹಾಗೆ ಅನ್ನಿಸುತ್ತದೆ. ಆ ಜಾರು ನಿಮ್ಮ ಚರ್ಮವೇ ಕರಗುತ್ತಿರುವುದು. ಹರಿಯುವ ನೀರಿನಲ್ಲಿ ತುಂಬಾ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು ಹಾಯಿಸುತ್ತಲೇ ಇದ್ದು, ನೇರ ಡಾಕ್ಟರ್ ಹತ್ತಿರ ಹೋಗಿ. ಉರಿ ಕಮ್ಮಿಯಾಯಿತು ಅಂತ ಸುಮ್ಮನಾಗಬೇಡಿ, ಕ್ಷಾರ ಒಳಗೆ ಇಳಿಯುತ್ತಾ ಹೋಗುತ್ತದೆ.

ಚಾರ್ಜರ್ ತಗಡುಗಳ ಮೇಲೆ ಮಾತ್ರ ಸ್ವಲ್ಪ ಸೋರಿದ್ದರೆ, ಆಲ್ಕಲೈನ್ ಸೆಲ್‌ನದ್ದಾದರೆ, ಪ್ಲಗ್ ಕಿತ್ತು ವಿನಿಗರ್ ಅಥವಾ ನಿಂಬೆರಸ ತಾಗಿಸಿದ ಹತ್ತಿಯಲ್ಲಿ ಒರೆಸಿ. ಸ್ವಲ್ಪ ನೊರೆ ಬಂದು ನಿಲ್ಲುತ್ತದೆ. ಆಮೇಲೆ ನೀರು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಒಣಗಿಸಿ. ದ್ರವ ಸಂದಿಯಿಂದ ಒಳಗೆ ಇಳಿದಿರುವ ಹಾಗೆ ಕಂಡರೆ, ಅಥವಾ ತಗಡು ಹಸಿರಾಗಿ ಸವೆದಿದ್ದರೆ, ಆ ಚಾರ್ಜರ್‌ಗೆ ಮತ್ತೆ ಕರೆಂಟ್ ಕೊಡಬೇಡಿ.